ನಿದ್ದೆ ಮಾತ್ರೆ ನುಂಗಿ ಎದ್ದು ಕೂತ ಅತ್ತೆ

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಬೇಸಿಗೆಯಲ್ಲಿ ನಾನು ಅಜ್ಜಿಯಾದೆ. ಮಗಳು ಹೆರಿಗೆಗೆ ನಮ್ಮ ಮನೆಗೆ ಬಂದಿದ್ದಳು, ಹೆಣ್ಣು ಕೂಸು ಹುಟ್ಟಿತು. ಹುಟ್ಟಿದಾಗಲೇ ಅದರ ತಲೆ ತುಂಬ ಕೂದಲು, ಎರಡೂ ಮುಷ್ಟಿ ಬಿಗಿಹಿಡಿದು ಯಾರ ಮೇಲೋ ಜಗಳಕ್ಕೆ ಬಂದ ಹಾಗಿತ್ತು. ನನಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಬಾಣಂತಿಗೆ ಖಾರ ಅರೆಯುವಾಗಲೂ ನಗು, ನೀರು ಕಾಯಿಸುವಾಗಲೂ ನಗು. ಹಾಲು ಹಾಕಿಸಿಕೊಳ್ಳಲು ಬಂದವರನ್ನೂ ಸುಮ್ಮನೆ ಕಳಿಸಲಿಲ್ಲ, ಒಳಗೆ ಕರೆದು ಕೂಸನ್ನು ತೋರಿಸಿಯೇ ಕಳಿಸಿದೆ. ನನ್ನ ಗಂಡ, "ನಿಂಗೊಬ್ಳಿಗೇ ಮೊಮ್ಮಗು ಹುಟ್ಟಿರೋದಾ ಲೋಕದಾಗೆ?" ಎಂದು ರೇಗಿಸುತ್ತಿದ್ದರು. ಹೌದು, ಆಗ ನನಗೆ ಹಾಗೇ ಅನ್ನಿಸಿತ್ತು. ಈಗಲೂ ಅನ್ನಿಸುತ್ತದೆ.

ಆ ಸಂತೋಷದ ನಡುವೆ ಒಂದು ಸಂಕಟ ಬಂತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಅಕ್ಷರ ಸೊಟ್ಟಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮ ಅತ್ತೆಗೆ ಎರಡು ಕಣ್ಣಿಗೂ ಪೊರೆ ಬಂದಿತ್ತು. ಬಲಗಣ್ಣನ್ನು ಕಡೂರಿನ ಡಾಕ್ಟರು ನೋಡಿ, ಒಳಗಿನ ನರವೇ ಸೊರಗಿದೆ, ಅದಕ್ಕೆ ಏನು ಮಾಡಿದರೂ ಬೆಳಕು ಕತ್ತಲೆ ಬಿಟ್ಟು ಇನ್ನೇನೂ ಕಾಣುವುದಿಲ್ಲ ಎಂದಿದ್ದರು. ಉಳಿದಿದ್ದು ಎಡಗಣ್ಣು. ಆಪರೇಷನ್ ಎಂದರೆ ಅತ್ತೆ ವರ್ಷಾನುಗಟ್ಟಲೆ ಮುಖ ತಿರುಗಿಸಿದ್ದರು. ಕೂಸು ಹುಟ್ಟಿದ ಮೇಲೆ ಮಾತ್ರ ಬೇರೆಯಾಯಿತು. ದಿನವೂ ಬಾಣಂತಿ ಕೋಣೆಯ ಬಾಗಿಲಲ್ಲಿ ಕೂತು ಕೂಸನ್ನು ಮಡಿಲಿಗೆ ಹಾಕಿಸಿಕೊಳ್ಳುತ್ತಿದ್ದರು. ಅದರ ಮೂಗು, ಕಿವಿ, ಕಾಲ್ಬೆರಳು ಎಲ್ಲವನ್ನೂ ಕೈಯಿಂದಲೇ ಸವರುತ್ತಿದ್ದರು.

"ಯಾರ ಹಂಗೈತೆ ಕಣೇ?" ಎಂದು ಕೇಳುತ್ತಿದ್ದರು.

"ನಿಮ್ಮ ಹಂಗೇ ಅತ್ತೆ."

"ಸುಳ್ಳು ಬೊಗಳಬ್ಯಾಡ. ಕಾಣ್ದೋರಿಗೆ ಏನ್ ಹೇಳಿದ್ರೂ ನಡೀತೈತೆ ಅಂತ." ಆಮೇಲೆ ತಾವೇ ಹೇಳಿದರು, "ತೊಟ್ಟಿಲಿಗೆ ಹಾಕೋ ದಿನಕ್ಕೆ ಮುಖ ನೋಡ್ಬೇಕು. ಕೇಳು ನಿನ್ನ ಗಂಡನ್ನ, ಅಜ್ಜಂಪುರದಾಗೆ ಅದ್ಯಾವುದೋ ಕಣ್ಣಿನ ಕ್ಯಾಂಪ್ ಅಂತಾರಲ್ಲ."

ಬೇಸಿಗೆ ರಜೆಯಲ್ಲಿ ಅಜ್ಜಂಪುರದ ಒಂದು ಶಾಲೆಯಲ್ಲಿ ಆ ಕ್ಯಾಂಪ್ ನಡೆಯುತ್ತಿತ್ತು. ಊರಿನ ದೊಡ್ಡವರು ಸೇರಿ, ಹೊರಗಿನಿಂದ ಡಾಕ್ಟರುಗಳನ್ನು ಕರೆಸಿದ್ದರು. ಬಾಣಂತಿಯನ್ನು ನನ್ನ ತಂಗಿಯ ಕೈಗೆ ಒಪ್ಪಿಸಿ, ನಾನೂ ನನ್ನ ಗಂಡನೂ ಅತ್ತೆಯನ್ನು ಕರೆದುಕೊಂಡು ಶಿವನಿಯಲ್ಲಿ ರೈಲು ಹತ್ತಿದೆವು. ರೈಲಿನಲ್ಲಿ ನನ್ನ ಸೆರಗಿನಿಂದ ಕೂಸಿನ ವಾಸನೆ ಬರುತ್ತಿತ್ತು. ಎಲ್ಲಿ ಹೋಗಿಬಿಡುತ್ತದೋ ಎಂದು ಮಾರನೆಯ ದಿನವೂ ಅದೇ ಸೀರೆ ಉಟ್ಟಿದ್ದೆ.

ಕ್ಲಾಸ್ ರೂಮುಗಳಲ್ಲಿ ಬೆಂಚುಗಳನ್ನು ಹೊರಗಿಟ್ಟು ಸಾಲಾಗಿ ಹಾಸಿಗೆ ಹಾಕಿದ್ದರು. ಆಪರೇಷನ್ ಬೆಳಿಗ್ಗೆಯೇ ಆಯಿತು. ಆಗಿನ ಕಾಲದಲ್ಲಿ ಪೊರೆ ತೆಗೆದ ಮೇಲೆ ಎರಡೂ ಕಣ್ಣಿಗೆ ಬಟ್ಟೆ ಕಟ್ಟುತ್ತಿದ್ದರು. ಆಪರೇಷನ್ ಆದ ಕಣ್ಣಿನ ಮೇಲೆ ಗಟ್ಟಿಯಾದ ಒಂದು ಮುಚ್ಚಳ. ತಲೆ ಅಲ್ಲಾಡದಂತೆ ಆ ಕಡೆ ಈ ಕಡೆ ಮರಳು ತುಂಬಿದ ಬಟ್ಟೆಯ ಚೀಲ. ಡಾಕ್ಟರು ನಮ್ಮನ್ನು ಕರೆದು ಒತ್ತಿ ಹೇಳಿದರು: ನೆಟ್ಟಗೆ ಮಲಗಿರಬೇಕು, ಏಳಬಾರದು, ಕೆಮ್ಮಬಾರದು, ಕಣ್ಣಿಗೆ ಕೈ ತಾಗಿಸಲೇಬಾರದು. ಹೊಲಿಗೆ ಬಿಚ್ಚಿಕೊಂಡರೆ ಕಣ್ಣು ಹೋಯಿತು ಎಂದೇ ತಿಳಿಯಿರಿ. ಅತ್ತೆಗೆ ಇದ್ದದ್ದೇ ಆ ಒಂದು ಕಣ್ಣು.

ನಾನು ಹೆದರಲಿಲ್ಲ. ನಮ್ಮ ಅತ್ತೆ ಅಂಥ ಗಟ್ಟಿಗಿತ್ತಿ. ಮಲಗು ಎಂದರೆ ಮರದ ತುಂಡಿನ ಹಾಗೆ ಮಲಗುವವರು. ದನಿ ಎತ್ತಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಬೆಳಿಗ್ಗೆ ಲಿಂಗಪೂಜೆ ಮಾಡದೆ ನೀರನ್ನೂ ಬಾಯಿಗೆ ಹಾಕದವರು. ಮಾವ ತೀರಿಕೊಂಡು ಎಷ್ಟು ವರ್ಷವಾದರೂ ಅವರ ಹೆಸರು ಅತ್ತೆಯ ಬಾಯಲ್ಲಿ ಬಂದದ್ದಿಲ್ಲ. ಅದೇ ಹೆಸರಿನ ದೇವರನ್ನು ಕೂಡ "ನಮ್ಮ ಮನೆ ದೇವ್ರು" ಎಂದೇ ಹೇಳುತ್ತಿದ್ದರು.

ಮಧ್ಯಾಹ್ನ ನರ್ಸಮ್ಮ ಬಂದು ಸಾಲಿನಲ್ಲಿದ್ದ ಎಲ್ಲರಿಗೂ ಒಂದೊಂದು ಪುಟ್ಟ ಮಾತ್ರೆ ಕೊಟ್ಟರು. "ನಿದ್ದೆ ಮಾತ್ರೆ. ಸುಮ್ಮನೆ ಮಲಗ್ತಾರೆ," ಎಂದರು. ಸಾಲಿನವರೆಲ್ಲ ಒಬ್ಬೊಬ್ಬರಾಗಿ ಗೊರಕೆ ಹೊಡೆಯಲು ಶುರುಮಾಡಿದರು. ನಮ್ಮ ಅತ್ತೆ ಮಾತಾಡಲು ಶುರುಮಾಡಿದರು.

ಮೊದಲು ಚೆನ್ನಾಗಿಯೇ ಇತ್ತು. ತವರಿನ ಮಾತು, ಕೆರೆ ಕೋಡಿ ಬಿದ್ದ ವರ್ಷದ ಮಾತು. ನಾನು ಹೂಂಗುಟ್ಟುತ್ತ ಬೀಸಣಿಗೆ ಬೀಸುತ್ತಿದ್ದೆ. ಬರಬರುತ್ತ ಮಾತು ಜೋರಾಯಿತು, ಒಂದಕ್ಕೊಂದು ಕೂಡಲಿಲ್ಲ. ಕಾಲು ಒದರುತ್ತಿದ್ದರು. "ಎಮ್ಮೆ ಬಿಚ್ಕೊಂಡೈತೆ, ರಾಗಿ ಮೇಯ್ತೈತೆ, ಯಾರೂ ಕಾಣಾಕಿಲ್ವಾ ನಿಮ್ಗೆ?" ಎಂದು ಕೂಗಿದರು. ಆ ಬೇಸಿಗೆಯಲ್ಲಿ ಎಲ್ಲಿಯ ರಾಗಿ? ನಾನು ಭುಜ ಹಿಡಿದರೆ ನನ್ನ ಕೈಯನ್ನು ತಳ್ಳಿ, "ಯಾರ್ ನೀನು? ಬಿಡೇ, ಮುಂಡೇದೆ!" ಎಂದರು. ಇಪ್ಪತ್ತು ವರ್ಷಕ್ಕೂ ಮೇಲೆ ನನ್ನನ್ನು ಹೊಟ್ಟೆಯಲ್ಲಿ ಹುಟ್ಟಿದವಳ ಹಾಗೆ ನೋಡಿಕೊಂಡವರು.

ಪಕ್ಕದ ಹಾಸಿಗೆಯಲ್ಲಿ ಸಿಂಗಟಗೆರೆಯ ಕಡೆಯ ಒಬ್ಬ ಅಜ್ಜಿ ಇದ್ದಳು. ಅವಳಿಗೆ ಆಪರೇಷನ್ ಆಗಿ ನಾಕಾರು ದಿನವಾಗಿತ್ತು, ಒಂದು ಕಣ್ಣಿನ ಬಟ್ಟೆ ಬಿಚ್ಚಿದ್ದರು, ಎದ್ದು ಕೂರುತ್ತಿದ್ದಳು. ಒಳ್ಳೆಯ ಜೀವ. ಕ್ಯಾಂಪಿನಲ್ಲಿ ಯಾರದ್ದು ಯಾರಿಗೆ ಎಂಬ ಲೆಕ್ಕವೇ ಇರಲಿಲ್ಲ. ನಮ್ಮ ಗಂಜಿ ಅವಳಿಗೆ, ಅವಳ ಮಜ್ಜಿಗೆ ನಮಗೆ. ಒಬ್ಬರ ಉಪ್ಪಿನಕಾಯಿ ಸಾಲು ಪೂರ್ತಿ ಓಡಾಡುತ್ತಿತ್ತು.

"ಎಲ್ರೂ ಮಲಗವ್ರೆ, ನಿಮ್ಮತ್ತೆಗೆ ಮಾತ್ರೆ ನಾಟಿಲ್ಲ ಕಣವ್ವ," ಎಂದಳು. "ಗಟ್ಟಿ ಮೈ. ಇನ್ನೊಂದ್ ಬೇಕು."

ನನಗೂ ಹಾಗೇ ಅನ್ನಿಸಿತು. ನಿದ್ದೆ ಮಾತ್ರೆಗೆ ನಿದ್ದೆ ಬರಲಿಲ್ಲ ಎಂದರೆ ಸಾಲಲಿಲ್ಲ ಎಂದೇ ಅಲ್ಲವೇ ಅರ್ಥ? ಸಂಜೆ ಎಲ್ಲರಿಗೂ ಕೊಡುವಾಗ ಮತ್ತೆ ಕೊಟ್ಟರು. ಆ ರಾತ್ರಿಯ ಮಾತು ಬರೆಯುವುದಿಲ್ಲ. ನಾನು ಒಂದು ಕೈ, ನನ್ನ ಗಂಡ ಒಂದು ಕೈ ಹಿಡಿದು ಕೂತಿದ್ದೆವು ಎಂದರೆ ಸಾಕು.

ಬೆಳಿಗ್ಗೆ ಸ್ವಲ್ಪ ಇಳಿದ ಹಾಗೆ ಕಂಡಿತು. ಕೈ ಸಡಿಲ ಬಿಟ್ಟಿದ್ದರು. ಗಂಟಲು ಕಟ್ಟಿದ ದನಿಯಲ್ಲಿ, "ಕೂಸು ಎದ್ದೈತಾ?" ಎಂದು ಕೇಳಿದರು. ನನಗೆ ಅಳು ಬಂತು. ನರ್ಸಮ್ಮ ಬೆಳಗಿನ ಮಾತ್ರೆ ನುಂಗಿಸಿ ಹೋದರು. ನನ್ನ ಗಂಡ ಮುಖ ತೊಳೆಯಲು ಹೊರಗೆ ಹೋಗಿದ್ದರು, ನಾನು ಗಂಜಿ ತರಲು ಅಂಗಳದ ಒಲೆಗೆ ಹೋದೆ. ಅಲ್ಲಿ ಸೌದೆ ಹಸಿ, ಹೊತ್ತಿಕೊಳ್ಳಲಿಲ್ಲ, ಊದಿ ಊದಿ ತಡವಾಯಿತು. ಗಂಜಿ ತಂಬಿಗೆ ಹಿಡಿದು ವಾಪಸು ಬಂದರೆ ರೂಮಿನಲ್ಲಿ ಗಲಾಟೆ. ಅತ್ತೆ ಎದ್ದು ಕೂತಿದ್ದರು! ಮರಳು ಚೀಲ ಒಂದು ಆ ಗೋಡೆಗೆ ಬಿದ್ದಿತ್ತು, ಕಣ್ಣಿನ ಮುಚ್ಚಳ ಕೆನ್ನೆಗೆ ಜಾರಿತ್ತು. ನಗುತ್ತಿದ್ದರು. ನಗುತ್ತ, ಬಾಯಿ ತುಂಬ, ನಮ್ಮ ಮಾವನ ಹೆಸರು ಹಿಡಿದು ಕೂಗುತ್ತಿದ್ದರು. "ಬಾರೋ! ಎಲ್ಲಿಗ್ ಹೋದ್ಯೋ!" ಎಂದು. ಸಾಲಿನ ಗಂಡಸರು ಆ ಕಡೆ ಮುಖ ಮಾಡಿದರು. ನನ್ನ ಗಂಡ ಓಡಿಬಂದು ಅತ್ತೆಯ ಎರಡೂ ಕೈ ಹಿಡಿದು ನಿಂತಿದ್ದರು.

"ನಡಿ, ಮನೆಗ್ ಹೋಗಾನ," ಎಂದರು. "ಅವ್ವಂಗೆ ತಲೆ ಕೆಟ್ಟೋಯ್ತು. ಕಣ್ಣೂ ಬ್ಯಾಡ, ಏನೂ ಬ್ಯಾಡ. ನಾನು ಗಾಡಿ ನೋಡ್ತೀನಿ."

"ರೀ, ಗಾಡಿ ಕುಲುಕಿದ್ರೆ ಹೊಲಿಗೆ ಉಳೀತೈತಾ?"

"ಇಲ್ಲಿ ಉಳೀತೈತಾ? ಹಂಗಾರೆ ಕೈ ಕಟ್ಟಾಕು ಮಂಚಕ್ಕೆ."

"ಮಂಚ ಎಲ್ಲೈತೆ ಇಲ್ಲಿ? ನಿಮ್ಮವ್ವನ್ನ ಕಟ್ಟಾಕಕೆ ನಿಮ್ಗೆ ಕೈ ಬತ್ತೈತಾ?"

ಅವರು ಅವ್ವನ ಒಂದು ಕೈ ಬಿಟ್ಟರು. ಹೆಗಲ ಮೇಲಿನ ಟವೆಲ್ ಕೈಗೆ ತೆಗೆದುಕೊಂಡರು. ಅದನ್ನು ಕಟ್ಟಲೋ ಬೇಡವೋ ಎಂದು ತಿರುಗಿಸುತ್ತ ನಿಂತಿದ್ದರು. ನಾನು ಅತ್ತೆಯ ಹಿಂದೆ ಕೂತು, ಬೆನ್ನಿಗೆ ಎದೆ ಕೊಟ್ಟು ತಬ್ಬಿಕೊಂಡೆ. ಮೈ ಕಬ್ಬಿಣದ ಹಾಗೆ ಬಿಗಿದಿತ್ತು, ಒಳಗೆ ಹಕ್ಕಿ ಸಿಕ್ಕಿಕೊಂಡಂತೆ ಎದೆ ಹೊಡೆದುಕೊಳ್ಳುತ್ತಿತ್ತು. ಅಷ್ಟರಲ್ಲಿ ಯಾರೋ ಓಡಿಹೋಗಿ ಹೇಳಿರಬೇಕು, ಡಾಕ್ಟರು ಬಂದರು.

ಅವರು ಮೊದಲು ಕಣ್ಣು ನೋಡಿದರು. ನಾವಿಬ್ಬರೂ ಹಿಡಿದುಕೊಂಡು ಮಲಗಿಸಿದೆವು, ಅವರು ಬಟ್ಟೆ ಬಿಚ್ಚಿ ಬ್ಯಾಟರಿ ಬಿಟ್ಟು ನೋಡಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಎಷ್ಟು ಹೊತ್ತಾಯಿತೋ.

"ಹೊಲಿಗೆ ಹಿಡ್ಕೊಂಡಿದೆ," ಎಂದರು. "ಆದ್ರೆ ಒಳಗೆ ಸ್ವಲ್ಪ ರಕ್ತ ಇಳಿದಿದೆ. ಅದು ಕರಗಬೇಕು. ಇನ್ನೊಂದ್ಸಲ ಹೀಗೆ ಎದ್ರೆ ನಾನೂ ಏನೂ ಮಾಡಕ್ಕಾಗಲ್ಲ." ಆಮೇಲೆ ನನ್ನನ್ನು ಕೇಳಿದರು, "ಇವರು ಮನೇಲಿ ಹೀಗೇನಾ?"

"ಇಲ್ಲ ಡಾಕ್ಟ್ರೇ. ಇವ್ರ ಬಾಯಲ್ಲಿ ಮಾತೇ ಇರಲ್ಲ."

"ಆಪರೇಷನ್ ಆಗಿ ಈಚೆ ಬಂದಾಗ?"

"ಆಗ್ಲೂ ಸುಮ್ನೆ ಮಲಗಿದ್ರು. ಮಾತ್ರೆ ಕೊಟ್ಟ ಮೇಲೆ."

"ಮಾತ್ರೆ ಕೊಟ್ಟ ಮೇಲೆ ಶುರುವಾಯ್ತಾ? ಬೆಳಿಗ್ಗೆ ಹೇಗಿದ್ರು?"

"ಬೆಳಿಗ್ಗೆ ಇಳ್ದಿತ್ತು. ಮಾತ್ರೆ ನುಂಗಿದ್ರು. ನಾನು ಗಂಜಿ ತರೋದ್ರೊಳಗೆ ಹಿಂಗಾಗಿತ್ತು."

ಆಗ ಪಕ್ಕದ ಅಜ್ಜಿ ಬಾಯಿ ಹಾಕಿದಳು. "ಒಂದಲ್ಲ ಸ್ವಾಮಿ, ಬೆಳಿಗ್ಗೆ ಮೂರು ಮಾತ್ರೆ ಆಗೈತೆ. ನನ್ನವೆರಡು ಸೆರಗಿನಾಗೆ ಕಟ್ಕಂಡಿದ್ದೆ. ನಂಗ್ಯಾಕೆ ನಿದ್ದೆ ಮಾತ್ರೆ, ಮನೆಗೆ ಬೆಂಕಿ ಬಿದ್ರೂ ಏಳಾಕಿಲ್ಲ ನಾನು. ಪಾಪ, ಒದ್ದಾಡ್ತಾವ್ರೆ ಅಂತ ಬಾಳೆಹಣ್ಣಿನಾಗೆ ಇಟ್ಟು ತಿನ್ನಿಸ್ದೆ. ನಿಮ್ ಮಾತ್ರೆಗೆ ಶಕ್ತಿ ಸಾಲ್ದು."

ಬಯ್ಯುತ್ತಾರೆ ಎಂದುಕೊಂಡೆ. ಡಾಕ್ಟರು ತಲೆ ಮೇಲೆ ಕೈ ಇಟ್ಟುಕೊಂಡು ಅಲ್ಲೇ ಹಾಸಿಗೆಯ ಅಂಚಿನಲ್ಲಿ ಕೂತುಬಿಟ್ಟರು. ಮೊದಲು ಅತ್ತೆಯ ನಾಡಿ ಹಿಡಿದು, ಉಸಿರಾಟ ನೋಡಿದರು. ಆಮೇಲೆ ಹೇಳಿದರು.

"ಸಾಲದೇ ಇರೋದಲ್ಲ ಅಜ್ಜಿ. ಈ ಮಾತ್ರೆ ಹತ್ರ ಹತ್ರ ಎಲ್ರನ್ನೂ ಮಲಗಿಸುತ್ತೆ. ಎಲ್ಲೋ ಕೆಲವು ವಯಸ್ಸಾದವರಲ್ಲಿ, ಕೆಲವು ಸಣ್ಣ ಮಕ್ಕಳಲ್ಲಿ, ಉಲ್ಟಾ ಕೆಲಸ ಮಾಡುತ್ತೆ. ಮಲಗಿಸೋ ಬದಲು ಎಬ್ಬಿಸುತ್ತೆ. ಮನಸ್ಸಿಗೆ ಇರೋ ಕಡಿವಾಣ ಬಿಟ್ಟುಹೋಗುತ್ತೆ. ಮಾತು, ಸಿಟ್ಟು, ನಗು, ಏನೇನೋ ಬರುತ್ತೆ. ಆಗ ಇನ್ನೊಂದು ಮಾತ್ರೆ ಕೊಟ್ರೆ ಇನ್ನೂ ಜಾಸ್ತಿ ಆಗುತ್ತೆ. ಜೊತೆಗೆ ಎರಡೂ ಕಣ್ಣು ಕಟ್ಟಿದೀವಿ. ಬರೀ ಕತ್ತಲಲ್ಲಿ ವಯಸ್ಸಾದವರಿಗೆ ಮಾತ್ರೆ ಇಲ್ಲದಿದ್ರೂ ದಿಕ್ಕು ತಪ್ಪುತ್ತೆ. ಯಾವುದು ಎಷ್ಟು ಅಂತ ನಾನು ಹೇಳಲಾರೆ. ಮಾತ್ರೆನೂ ನಿಲ್ಲಿಸ್ತೀನಿ, ಆಪರೇಷನ್ ಆಗದ ಕಣ್ಣಿನ ಬಟ್ಟೆನೂ ತೆಗೀತೀನಿ."

"ತಲೆ ಕೆಟ್ಟಿಲ್ವಾ ಹಂಗಾದ್ರೆ?" ನನ್ನ ಗಂಡ ಕೇಳಿದರು.

"ತಲೆ ಕೆಟ್ಟಿಲ್ಲ. ಆದ್ರೆ ಈಗಲೇ ಸರಿಹೋಗಲ್ಲ. ವಯಸ್ಸಾದ ಮೈಯಿಂದ ಈ ಮಾತ್ರೆ ನಿಧಾನಕ್ಕೆ ಇಳಿಯುತ್ತೆ. ಇವತ್ತು, ನಾಳೆ, ನಾಳಿದ್ದೂ ಇರಬಹುದು. ಇನ್ನು ನಿದ್ದೆಯ ಔಷಧಿ ಯಾವುದೂ ಬೇಡ. ಅಷ್ಟೊಂದು ಹೋಗಿದೆ ಒಳಗೆ, ಮಂಪರು ಬಂದ್ರೂ ಬರಬಹುದು. ಎಬ್ಬಿಸಿದ್ರೆ ಏಳ್ತಾರಾ, ಉಸಿರು ಸರಿಯಾಗಿದೆಯಾ, ನರ್ಸು ಆಗಾಗ ಬಂದು ನೋಡ್ತಾರೆ. ಕಟ್ಟಬೇಡಿ, ಕಟ್ಟಿದ್ರೆ ಇನ್ನೂ ಗುದ್ದಾಡ್ತಾರೆ. ಗೊತ್ತಿರೋ ದನಿ ಒಂದೇ ಇರಲಿ. ಒಬ್ಬರೇ ಕೂತು ಮಾತಾಡ್ತಾ ಇರಿ."

ಅವರು ಬಲಗಣ್ಣಿನ ಬಟ್ಟೆ ತೆಗೆಸಿದರು. ಅದರಲ್ಲಿ ಏನೂ ಕಾಣುವುದಿಲ್ಲ ಎಂದು ನಾನು ಹೇಳಿದೆ. "ಕಿಟಕಿ ಯಾವ ಕಡೆ ಅಂತ ಗೊತ್ತಾಗುತ್ತಲ್ಲ, ಹಗಲು ಅಂತ ಗೊತ್ತಾಗುತ್ತಲ್ಲ, ಸಾಕು," ಎಂದರು. ಕೈಗಳಿಗೆ ಹಳೆಯ ಮೆತ್ತನೆ ಬಟ್ಟೆಯನ್ನು ಸುತ್ತಿ, ಮುಷ್ಟಿಯನ್ನು ಗಂಟಿನ ಹಾಗೆ ಮಾಡಿಸಿದರು. ಕಣ್ಣಿಗೆ ಹೋದರೂ ಬೆರಳು ಸಿಕ್ಕಿಸಿಕೊಳ್ಳದಂತೆ. ನರ್ಸಮ್ಮ ಪಾಪ ಹನಿಗಣ್ಣಾಗಿದ್ದರು. "ಎಲ್ರಿಗೂ ಕೊಡೋ ಹಂಗೆ ಕೊಟ್ಟೆ," ಎನ್ನುತ್ತಿದ್ದರು. ಡಾಕ್ಟರು, "ನಾನು ಬರೆದಿದ್ದನ್ನೇ ಕೊಟ್ರಿ," ಎಂದರು. ಪಕ್ಕದ ಅಜ್ಜಿಯ ಸೆರಗಿನ ಗಂಟು ಮಾತ್ರ ಬಿಚ್ಚಿಸಿ ನೋಡಿದರು. ಒಳಗೆ ಮತ್ತೊಂದು ಮಾತ್ರೆ, ಎರಡು ಏಲಕ್ಕಿ ಇದ್ದವು.

"ಏಲಕ್ಕಿ ಕೊಡಬಹುದಾ ಸ್ವಾಮಿ?" ಎಂದು ಕೇಳಿದಳು.

ಡಾಕ್ಟರು ನಕ್ಕರು. ನನಗೆ ನಗು ಬರಲಿಲ್ಲ.

ಸಣ್ಣ ಮಕ್ಕಳಿಗೂ ಹೀಗಾಗುತ್ತದೆ ಎಂದಾಗ ನನಗೆ ಥಟ್ಟನೆ ನೆನಪಾಯಿತು. ಆಗ ಬಾಣಂತಿಯಾಗಿ ಮನೆಯಲ್ಲಿ ಮಲಗಿದ್ದ ಇದೇ ಮಗಳು ಮೂರು ವರ್ಷದವಳಿದ್ದಾಗ, ಮೈ ತುಂಬ ದದ್ದು ಎದ್ದು ತರೀಕೆರೆಗೆ ಕರೆದುಕೊಂಡು ಹೋಗಿದ್ದೆವು. ತುರಿಕೆಗೆ ಒಂದು ಸಿಹಿ ಔಷಧಿ ಕೊಟ್ಟು, "ಕುಡಿದ್ರೆ ತೂಕಡಿಸ್ತಾಳೆ, ಹೆದರಬೇಡಿ," ಎಂದಿದ್ದರು. ಕುಡಿದವಳು ಬಸ್ಸಿನಲ್ಲಿ ಒಂದು ಗಳಿಗೆ ಕೂರಲಿಲ್ಲ. ಸೀಟಿನ ಮೇಲೆ ಕುಣಿದಳು, ಕಂಡಕ್ಟರನ ಚೀಲಕ್ಕೆ ಜೋತುಬಿದ್ದಳು, ಕಾರಣವಿಲ್ಲದೆ ಕಿರುಚಿದಳು, ಕಣ್ಣು ಕೆಂಪಾದರೂ ರೆಪ್ಪೆ ಮುಚ್ಚಲಿಲ್ಲ. ದೃಷ್ಟಿಯಾಗಿದೆ ಎಂದು ಅತ್ತೆಯೇ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ದರು. ಅದನ್ನು ಡಾಕ್ಟರಿಗೆ ಹೇಳಿದೆ. "ಅದು ಬೇರೆ ಜಾತಿಯ ಔಷಧಿ, ಆದ್ರೆ ಆಟ ಇದೇ," ಎಂದರು. "ಇವರನ್ನ ಇನ್ನು ಮೇಲೆ ಯಾವ ಆಸ್ಪತ್ರೆಗೆ ಕರ್ಕೊಂಡು ಹೋದ್ರೂ ಇದನ್ನ ಮೊದಲು ಹೇಳಿ."

ಆಮೇಲೆ ಕಾಯುವುದೊಂದೇ ಉಳಿಯಿತು. ನನಗೆ ಗೊತ್ತಿದ್ದ ಮಾತೆಲ್ಲ ಆಡಿದೆ. ಗೊತ್ತಿರುವ ಮಾತು ಆಗ ನನ್ನಲ್ಲಿ ಒಂದೇ ಇತ್ತು, ಕೂಸು. "ಅತ್ತೆ, ಕೂಸು ಆಕಳಿಸ್ತೈತೆ. ಬಾಯಿ ಎಷ್ಟಗಲ ಅಂತೀರಿ. ಅತ್ತೆ, ಕೂಸಿಗೆ ಎಣ್ಣೆ ಹಚ್ಚಿದೆ, ಜಾರಿ ಜಾರಿ ಹೋಗ್ತೈತೆ." ಅವರು ಒಮ್ಮೆ ಎಮ್ಮೆ ಎನ್ನುವರು, ಒಮ್ಮೆ ನನ್ನನ್ನು ಬಯ್ಯುವರು. ಬಟ್ಟೆ ಸುತ್ತಿದ ಮುಷ್ಟಿ ಕಣ್ಣಿನ ಕಡೆ ಏಳುವುದು, ನಾನು ಹಿಡಿದು ಕೆಳಗಿಳಿಸುವುದು. ಜೋರು ಮಾಡಲಿಲ್ಲ. ಕೈ ಎತ್ತಿದಾಗಲೆಲ್ಲ ಆ ಹೊಲಿಗೆ ನನ್ನ ಎದೆಯಲ್ಲೇ ಎಳೆದ ಹಾಗಾಗುತ್ತಿತ್ತು. ಮಧ್ಯಾಹ್ನ ಕಿಟಕಿಯ ಬಿಸಿಲು ಅವರ ಮುಖಕ್ಕೆ ಬಿದ್ದಾಗ ಆ ಕಡೆ ತಿರುಗಲು ನೋಡಿದರು. "ಹೊತ್ತೇರ್ತು," ಎಂದರು. ಹಾಗೆ ಎದ್ದು ಕೂತ ಮೇಲೆ ಅವರು ಆಡಿದ ಮೊದಲ ಸರಿಯಾದ ಮಾತು ಅದು. ನನ್ನ ಗಂಡ ಬಾಗಿಲ ಹೊರಗೆ ಕೂತು ಆ ಟವೆಲಿನಿಂದ ಮುಖ ಒರೆಸಿಕೊಂಡರು.

ಪೂರ್ತಿ ಇಳಿಯಲು ಡಾಕ್ಟರು ಹೇಳಿದಷ್ಟೇ ಹೊತ್ತು ಹಿಡಿಯಿತು. ಒಂದು ಬೆಳಿಗ್ಗೆ ಅತ್ತೆ, "ಕೈಗೆ ಏನೇ ಇದು ಗಂಟು? ಬಿಚ್ಚು, ಪೂಜೆ ಆಗಿಲ್ಲ," ಎಂದರು. ಬಿಚ್ಚಿದೆ. ಮಲಗಿದ ಹಾಗೆಯೇ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಮುಟ್ಟಿಕೊಂಡು ಬಾಯಲ್ಲೇ ಏನೋ ಹೇಳಿಕೊಂಡರು. ಅವರಿಗೆ ನಡೆದದ್ದು ಏನೂ ನೆನಪಿರಲಿಲ್ಲ. ಪಕ್ಕದ ಅಜ್ಜಿ ಹೇಳಿಬಿಡುವುದರಲ್ಲಿದ್ದಳು, ನಾನು ಕಣ್ಣಲ್ಲೇ ಗದರಿಸಿದೆ. ಅವರು ಇರುವವರೆಗೂ ನಾವು ಅವರಿಗೆ ಅದನ್ನು ಹೇಳಲಿಲ್ಲ.

ಕಣ್ಣೊಳಗಿನ ರಕ್ತ ಕರಗಿತೋ ಇಲ್ಲವೋ ಎಂಬುದು ಮಾತ್ರ ಗೊತ್ತಿರಲಿಲ್ಲ. ಬಟ್ಟೆ ತೆಗೆಯುವ ದಿನ ಡಾಕ್ಟರು ದಪ್ಪ ಗಾಜಿನ ಕನ್ನಡಕವನ್ನು ಮೂಗಿನ ಮೇಲೆ ಹಿಡಿದು, "ಏನು ಕಾಣುತ್ತಮ್ಮ?" ಎಂದರು. ನನ್ನ ಗಂಡ ಗೋಡೆಯ ಕಡೆ ತಿರುಗಿದರು. ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. ನೋಡುತ್ತಿದ್ದಾರೆ ಎಂದು ನನಗೆ ತಿಳಿದದ್ದು, ಅವರ ಹುಬ್ಬು ಗಂಟಾದಾಗ.

"ಲೇ," ಎಂದರು, "ನಿನ್ನ ತಲೆ ಯಾವಾಗ ಹಿಂಗೆ ಬೆಳ್ಳಗಾಯ್ತೇ?"

ನಾನು ಅಷ್ಟು ಜನರ ಎದುರಿಗೆ ಗೊಳೋ ಎಂದು ಅತ್ತುಬಿಟ್ಟೆ. ಅಷ್ಟೇ ಜೋರಾಗಿ ನಕ್ಕೆ.

ಸಂಜೆ ಊರಿಗೆ ಬಂದೆವು. ಕಾಲಿಗೆ ನೀರು ಹಾಕಿಕೊಳ್ಳಲೂ ಪುರುಸೊತ್ತಿಲ್ಲದ ಹಾಗೆ ಅತ್ತೆ ಬಾಣಂತಿ ಕೋಣೆಯ ಬಾಗಿಲಿಗೆ ಹೋದರು. ಮಗಳು ಕೂಸನ್ನು ಎತ್ತಿ ಮುಂದೆ ಹಿಡಿದಳು. ಆ ದಪ್ಪ ಗಾಜಿನಲ್ಲಿ ಎಲ್ಲವೂ ದೊಡ್ಡದಾಗಿ, ಹತ್ತಿರ ಬಂದ ಹಾಗೆ ಕಾಣುತ್ತದೆ ಎಂದು ಡಾಕ್ಟರು ನಮಗೆ ಹೇಳಿದ್ದರು. ಅತ್ತೆ ಕೈ ಚಾಚಿದರು, ಕೈ ಕೂಸಿಗೆ ಮುಟ್ಟದೆ ಗೇಣುದ್ದ ಈಚೆಯೇ ನಿಂತಿತು. ಅವರಿಗೆ ಅದರ ಪರಿವೆಯೇ ಇರಲಿಲ್ಲ.

"ಅಯ್ಯಯ್ಯೋ, ಎಷ್ಟು ದಪ್ಪಗೈತಲ್ಲೇ ಕೂಸು!" ಎಂದು ಕೇರಿಗೆಲ್ಲ ಕೇಳುವ ಹಾಗೆ ಕೂಗಿದರು. "ಇಷ್ಟ್ ದೊಡ್ಡ ಕೂಸ್ನ ಹೆಂಗ್ ಹೆತ್ಯೇ ತಾಯಿ!"

ಇಲಿಮರಿಯಷ್ಟಿದ್ದ ಕೂಸಿನ ಮೇಲೆ ಮಗಳು ಗಾಬರಿಯಿಂದ ಸೆರಗು ಮುಚ್ಚಿದಳು, ದೃಷ್ಟಿಯಾದೀತೆಂದು. ನಾನು ಅತ್ತೆಯ ಕೈ ಹಿಡಿದು, ಆ ಗೇಣುದ್ದವನ್ನು ದಾಟಿಸಿದೆ.